ಬ್ಯಾಟರಿ ತಿನ್ನುವ ಪರದೆ

ಬ್ಯಾಟರಿ ಶೇ. 20ಕ್ಕೆ ಇಳಿದ ಕೂಡಲೇ ಬಹಳ ಮಂದಿ ಮೊದಲು ಮಾಡುವ ಕೆಲಸ ಬ್ಲೂಟೂತ್ ಆಫ್ ಮಾಡುವುದು. ಅದರಿಂದ ಉಳಿಯುವುದು ಲೆಕ್ಕಕ್ಕೆ ಬಾರದಷ್ಟು. ಓದುವುದು, ಟೈಪ್ ಮಾಡುವುದು, ಮೇಲ್ ನೋಡುವುದು ಇಂಥ ಹಗುರ ಕೆಲಸಗಳಲ್ಲಿ ಲ್ಯಾಪ್‌ಟಾಪಿನ ಪ್ರೊಸೆಸರ್ ಹೆಚ್ಚುಕಡಿಮೆ ಸುಮ್ಮನೆ ಕೂತಿರುತ್ತದೆ. ಆಗ ಕರೆಂಟು ಎಳೆಯುವುದರಲ್ಲಿ ಮುಂದಿರುವುದು ಕಣ್ಣೆದುರಿಗೇ ಇರುವ ಪರದೆ.

ಎಷ್ಟು ಎಳೆಯುತ್ತಿದೆ ಎಂದು ಊಹಿಸುತ್ತ ಕೂರಬೇಕಾಗಿಲ್ಲ, ಅಳೆದೇ ನೋಡಬಹುದು. ವಿಂಡೋಸ್ ಲ್ಯಾಪ್‌ಟಾಪಾದರೆ ಚಾರ್ಜರ್ ಕಿತ್ತು, PowerShell ತೆರೆದು ಈ ಸಾಲು ಹಾಕಿ:

```
(Get-CimInstance -Namespace root/wmi -ClassName BatteryStatus).DischargeRate
```

ಅನುಮತಿ ಇಲ್ಲವೆಂದು ತಕರಾರು ಮಾಡಿದರೆ Run as administrator ಎಂದು ತೆರೆಯಿರಿ. ಬರುವ ಸಂಖ್ಯೆ ಮಿಲಿವ್ಯಾಟ್‌ಗಳಲ್ಲಿರುತ್ತದೆ. 14000 ಎಂದು ಬಂದರೆ ಆ ಹೊತ್ತಿನಲ್ಲಿ ಇಡೀ ಯಂತ್ರ ಬ್ಯಾಟರಿಯಿಂದ 14 ವ್ಯಾಟ್ ಎಳೆಯುತ್ತಿದೆ ಎಂದು ಅರ್ಥ. ಚಾರ್ಜರ್ ಸಿಕ್ಕಿಸಿದ್ದರೆ ಸೊನ್ನೆ ಬರುತ್ತದೆ. ಯಾವುದೇ ಸೆಟ್ಟಿಂಗ್ ಬದಲಿಸಿದ ಮೇಲೆ ಒಂದೆರಡು ನಿಮಿಷ ಏನೂ ಮುಟ್ಟದೆ ಬಿಟ್ಟು, ಆಮೇಲೆ ಮತ್ತೆ ನೋಡಿ. ಬ್ಯಾಟರಿಯೊಳಗಿನ ಚಿಪ್ ತನ್ನ ಲೆಕ್ಕವನ್ನು ನಿಧಾನವಾಗಿ ತಿದ್ದಿಕೊಳ್ಳುತ್ತದೆ. ಹಿಂದೆಯೇ ಯಾವುದೋ ಅಪ್‌ಡೇಟ್ ಇಳಿಯುತ್ತಿದ್ದರಂತೂ ಅಳತೆಯೇ ಹಾಳು.

ಒಂದು ಲೆಕ್ಕ ಹಾಕೋಣ. 15.6 ಇಂಚಿನ, 144 ಹರ್ಟ್ಸ್ ಪರದೆಯ, 56 ವ್ಯಾಟ್-ಅವರ್ ಬ್ಯಾಟರಿಯ ಲ್ಯಾಪ್‌ಟಾಪ್ ಎಂದಿಟ್ಟುಕೊಳ್ಳಿ. ಬ್ರೈಟ್‌ನೆಸ್ ತುಂಬಾ ಏರಿಸಿಟ್ಟು ಏನೋ ಓದುತ್ತಿರುವಾಗ 14 ವ್ಯಾಟ್ ತೋರಿಸಿತು. 56ನ್ನು 14ರಿಂದ ಭಾಗಿಸಿದರೆ 4 ಗಂಟೆ. ಬ್ರೈಟ್‌ನೆಸ್ ಇಳಿಸಿದಾಗ ಅದು 11.5ಕ್ಕೆ ಬಂದರೆ ಸುಮಾರು 4 ಗಂಟೆ 50 ನಿಮಿಷವಾಯಿತು. 144 ಹರ್ಟ್ಸ್ ಅನ್ನು 60ಕ್ಕೆ ತಂದು ಇನ್ನೊಂದು ವ್ಯಾಟ್ ಉಳಿಸಿದರೆ 5 ಗಂಟೆ 20 ನಿಮಿಷ. ಅದೇ ಲ್ಯಾಪ್‌ಟಾಪಿನಲ್ಲಿ 40 ವ್ಯಾಟ್ ಎಳೆಯುವ ಗೇಮ್ ಆಡುತ್ತಿದ್ದರೆ, ಅದೇ ಮೂರೂವರೆ ವ್ಯಾಟ್ ಉಳಿಸಿ ಸಿಗುವುದು ಬರೀ 8 ನಿಮಿಷ. ಆದ್ದರಿಂದ ಪರದೆಯ ಉಳಿತಾಯ ಹಗುರ ಕೆಲಸದವರಿಗೆ ಒದಗುತ್ತದೆ, ಗೇಮ್ ಆಡುವವರಿಗೆ ಅಷ್ಟಕ್ಕಷ್ಟೆ.

ಈ ಎರಡರಲ್ಲಿ ಬ್ರೈಟ್‌ನೆಸ್ಸಿನದೇ ದೊಡ್ಡ ಪಾಲು. ಎಲ್‌ಸಿಡಿ ಪರದೆ ತಾನಾಗಿ ಬೆಳಗುವುದಿಲ್ಲ, ಅದರ ಹಿಂದೆ ಎಲ್‌ಇಡಿ ಬೆಳಕಿದೆ. ತೊಗಲುಗೊಂಬೆಯಾಟದ ಹಾಗೆ: ಪರದೆಯ ಮೇಲೆ ಗೊಂಬೆ ಎಷ್ಟೇ ದೊಡ್ಡದಿರಲಿ, ಎಷ್ಟೇ ಕಪ್ಪಗಿರಲಿ, ಹಿಂದಿನ ದೀಪ ಕುಡಿಯುವ ಎಣ್ಣೆ ಅಷ್ಟೇ. ಹಾಗಾಗಿ ಎಲ್‌ಸಿಡಿ ಲ್ಯಾಪ್‌ಟಾಪಿನಲ್ಲಿ ಡಾರ್ಕ್ ಮೋಡ್ ಹಾಕಿದರೆ ಕಣ್ಣಿಗೆ ಹಿತವೆನಿಸಬಹುದು, ಅದರಿಂದಲೇ ಬ್ಯಾಟರಿ ಉಳಿಯುವುದಿಲ್ಲ. ಓಎಲ್‌ಇಡಿ ಪರದೆಯ ಮಾತು ಬೇರೆ. ಅಲ್ಲಿ ಒಂದೊಂದು ಚುಕ್ಕೆಯೂ ತಾನೇ ಉರಿಯುತ್ತದೆ, ಕಪ್ಪು ಎಂದರೆ ಆ ಚುಕ್ಕೆ ಆರಿದೆ ಎಂದೇ ಅರ್ಥ. ಅಂಥ ಪರದೆಯಲ್ಲಿ ಬಿಳಿ ಪುಟ ದುಬಾರಿ, ಕಪ್ಪು ಪುಟ ಅಗ್ಗ. ನಿಮ್ಮದು ಯಾವುದು ಎಂದು ಗೊತ್ತಿಲ್ಲದಿದ್ದರೆ ಕತ್ತಲ ಕೋಣೆಯಲ್ಲಿ ಪೂರ್ತಿ ಕಪ್ಪು ಚಿತ್ರವೊಂದನ್ನು ಪರದೆ ತುಂಬ ತೆರೆಯಿರಿ. ಬೂದುಬಣ್ಣದ ಮಿಣುಕು ಕಂಡರೆ ಹೆಚ್ಚಾಗಿ ಎಲ್‌ಸಿಡಿ.

ಹಿಂದಿನ ಬೆಳಕನ್ನು ಅರ್ಧ ಮಾಡಿದರೆ ಅದು ತಿನ್ನುವ ಕರೆಂಟೂ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಆದರೆ ನಮ್ಮ ಕಣ್ಣಿಗೆ ಅದು ಅರ್ಧ ಕತ್ತಲೆಯಾಗಿ ಕಾಣುವುದಿಲ್ಲ, ಸ್ವಲ್ಪ ಮಂಕಾದ ಹಾಗೆ ಕಾಣುತ್ತದೆ, ಕೆಲ ನಿಮಿಷಗಳಲ್ಲಿ ಅದೂ ಮರೆತುಹೋಗುತ್ತದೆ. ಕಣ್ಣಿನ ಈ ಗುಣವೇ ಇಲ್ಲಿ ನಮ್ಮ ಲಾಭ. 300 ನಿಟ್ಸ್ ಕೊಡುವ ಪರದೆಯಲ್ಲಿ ಮನೆಯೊಳಗಿನ ಸಾಮಾನ್ಯ ಬೆಳಕಿಗೆ 100ರಿಂದ 150 ನಿಟ್ಸ್ ಸಾಕು. ಸ್ಲೈಡರ್ ಮೇಲಿನ ಶೇ. 50 ಎಂದರೆ ಸರಿಯಾಗಿ ಅರ್ಧ ಬೆಳಕು ಎಂದೇನಲ್ಲ. ಒಂದೊಂದು ಮಾಡೆಲ್‌ನಲ್ಲಿ ಒಂದೊಂದು ರೀತಿ. ಅದಕ್ಕೇ ಮೇಲಿನ ಆ ಒಂದು ಸಾಲಿನ ಅಳತೆ ಬೇಕಾಗುವುದು. ಬಿಳಿ ಹಾಳೆಯೊಂದನ್ನು ಪರದೆಯ ಪಕ್ಕ ಹಿಡಿದು, ಎರಡೂ ಒಂದೇ ಬೆಳಕಿನಲ್ಲಿ ಕಾಣುವವರೆಗೆ ಇಳಿಸಿ ನೋಡಿ. ಕಿಟಕಿಗೆ ಬೆನ್ನು ಹಾಕಿ ಕೂತವರಿಗೆ ಮಾತ್ರ ಈ ಉಳಿತಾಯ ದಕ್ಕುವುದಿಲ್ಲ. ಪರದೆಯ ಮೇಲೆ ಬೀಳುವ ಬಿಸಿಲನ್ನು ಗೆಲ್ಲಲು ಬ್ಯಾಟರಿ ಸುಡುವುದಕ್ಕಿಂತ ಕುರ್ಚಿ ತಿರುಗಿಸುವುದು ಮೇಲು.

ಇನ್ನು ರಿಫ್ರೆಶ್ ರೇಟ್. ಫುಲ್ ಎಚ್‌ಡಿ ಪರದೆಯಲ್ಲಿ 20 ಲಕ್ಷಕ್ಕೂ ಮಿಕ್ಕಿ ಚುಕ್ಕೆಗಳಿವೆ. 144 ಹರ್ಟ್ಸ್ ಎಂದರೆ ಅಷ್ಟನ್ನೂ ಸೆಕೆಂಡಿಗೆ 144 ಸಲ ಹೊಸದಾಗಿ ಬರೆಯಬೇಕು. ಸುಮಾರು 30 ಕೋಟಿ ಚುಕ್ಕೆಗಳ ಕೆಲಸ. 60 ಹರ್ಟ್ಸ್ ಆದರೆ ಅದು ಹನ್ನೆರಡೂವರೆ ಕೋಟಿಯ ಆಸುಪಾಸು. ನೀವು ನೋಡುತ್ತಿರುವ ಪುಟ ಅಲುಗದೆ ನಿಂತಿದ್ದರೂ ಮಾಮೂಲಿ ಪರದೆ ಈ ಕೆಲಸ ನಿಲ್ಲಿಸುವುದಿಲ್ಲ. ಪರದೆಯೊಂದೇ ಅಲ್ಲ, ಮೆಮೊರಿಯಿಂದ ಚಿತ್ರ ಓದಿ ಕಳಿಸುವ ಗ್ರಾಫಿಕ್ಸ್ ಭಾಗವೂ ಅಷ್ಟೂ ಹೊತ್ತು ಎಚ್ಚರವಾಗಿರಬೇಕು.

ಈ ದಂಡದ ಕೆಲಸ ತಪ್ಪಿಸಲೆಂದೇ ಪ್ಯಾನೆಲ್ ಸೆಲ್ಫ್ ರಿಫ್ರೆಶ್ ಎಂಬ ಏರ್ಪಾಟಿದೆ. 2011ರಲ್ಲಿ ಬಂದ ಇಡಿಪಿ 1.3 ಎಂಬ ಮಾನದಂಡದಲ್ಲಿ ಅದು ಸೇರಿತು. ಪರದೆಯೊಳಗೇ ಸಣ್ಣದೊಂದು ಮೆಮೊರಿ ಇಟ್ಟು, ಚಿತ್ರ ಬದಲಾಗದಿದ್ದರೆ ಅದನ್ನೇ ತೋರಿಸುತ್ತ ಗ್ರಾಫಿಕ್ಸನ್ನು ಮಲಗಲು ಬಿಡುವುದು ಅದರ ಕೆಲಸ. ಆದರೆ ಪುಟದ ಮೂಲೆಯಲ್ಲಿ ಒಂದು ಜಾಹೀರಾತು ಕುಣಿಯುತ್ತಿದ್ದರೆ ಸಾಕು, ಆ ನಿದ್ದೆ ಹತ್ತುವುದೇ ಇಲ್ಲ. ಮಿನುಗುವ ಕರ್ಸರ್ ಕೂಡ ಆಗಾಗ ಎಬ್ಬಿಸುತ್ತದೆ. ಜಾಹೀರಾತು ತಡೆಯುವವರ ಬ್ಯಾಟರಿ ಕೊಂಚ ಹೆಚ್ಚು ಬರುವುದಕ್ಕೆ ಇದೂ ಒಂದು ಕಾರಣ.

ವಿಂಡೋಸ್ 11ರಲ್ಲಿ Settings > System > Display > Advanced display ಒಳಗೆ ಹೋದರೆ ರಿಫ್ರೆಶ್ ರೇಟ್ ಆರಿಸಬಹುದು. ಬದಲಿಸುವಾಗ ಪರದೆ ಒಂದು ಕ್ಷಣ ಕಪ್ಪಾಗುತ್ತದೆ, ಗಾಬರಿ ಬೇಡ. ಅಲ್ಲೇ Dynamic refresh rate ಎಂದೂ ಕಂಡರೆ ಅದನ್ನೇ ಹಾಕುವುದು ಒಳ್ಳೆಯದು: ಓದುವಾಗ ಕೆಳಗಿಳಿದು, ಸ್ಕ್ರೋಲ್ ಮಾಡುವಾಗ ತಾನೇ ಮೇಲೇರುತ್ತದೆ. ಇದು ಕಾಣಬೇಕಾದರೆ ಪರದೆ ಕನಿಷ್ಠ 120 ಹರ್ಟ್ಸ್‌ನದಾಗಿದ್ದು, ವೇಗವನ್ನು ಹೆಚ್ಚುಕಡಿಮೆ ಮಾಡಿಕೊಳ್ಳಬಲ್ಲದ್ದಾಗಿರಬೇಕು. ಇಲ್ಲದವರು ಕೈಯಿಂದಲೇ 60 ಹಾಕಬೇಕು, ಚಾರ್ಜರ್ ಸಿಕ್ಕಿಸಿದಾಗ ಕೈಯಿಂದಲೇ ವಾಪಸ್ ತರಬೇಕು. ಕೆಲವು ತಯಾರಕರ ಆ್ಯಪ್‌ಗಳು ಇದನ್ನು ತಾವೇ ಮಾಡುತ್ತವೆ.

ತಾನಾಗಿ ಹೊಂದಿಕೊಳ್ಳುವ ಬೆಳಕಿನ ವಿಷಯದಲ್ಲಿ ನನ್ನ ಉತ್ಸಾಹ ಕಡಿಮೆ. Display ಪುಟದಲ್ಲಿ Brightness ಪಕ್ಕದ ಬಾಣ ಒತ್ತಿದರೆ Change brightness based on content ಎಂಬುದು ಹಲವು ಲ್ಯಾಪ್‌ಟಾಪ್‌ಗಳಲ್ಲಿ ಸಿಗುತ್ತದೆ. ಚಿತ್ರ ಮಂಕಾಗಿದ್ದಾಗ ಹಿಂದಿನ ಬೆಳಕು ಇಳಿಸಿ, ಆ ಕೊರತೆ ಗೊತ್ತಾಗದ ಹಾಗೆ ಬಣ್ಣಗಳನ್ನು ಎತ್ತುವುದು ಅದರ ಉಪಾಯ. ಉಳಿತಾಯವೇನೋ ನಿಜ. ಆದರೆ ಬಿಳಿ ಪುಟದಿಂದ ಕಪ್ಪು ಕಿಟಕಿಗೆ ಹೋದಾಗ ಪರದೆ ಮೆಲ್ಲಗೆ ಜಾರಿದ ಹಾಗೆ ಕಾಣುವುದು, ಸಿನಿಮಾದ ಕತ್ತಲ ದೃಶ್ಯದಲ್ಲಿ ಮುಖ ಪೇಲವವಾಗುವುದು ಇದರ ಆಟವೇ. ಅದನ್ನು On Battery Only ಎಂದು ಇಟ್ಟರೆ ಸಾಕು. ಫೋಟೊ ತಿದ್ದುವವರು, ಮುದ್ರಣದ ಬಣ್ಣ ನೋಡುವವರು Off ಮಾಡುವುದೇ ಸರಿ. Off ಮಾಡಿದ ಮೇಲೂ ಜಾರುತ್ತಿದ್ದರೆ ಗ್ರಾಫಿಕ್ಸ್ ಡ್ರೈವರ್‌ನಲ್ಲಿ ಹುಡುಕಿ: ಇಂಟೆಲ್ ಆ್ಯಪ್‌ನಲ್ಲಿ Display Power Savings, ಎಎಮ್‌ಡಿಯಲ್ಲಿ Vari-Bright. ಸುತ್ತಲಿನ ಬೆಳಕು ನೋಡಿ ಹೊಂದಿಕೊಳ್ಳುವ ಆಯ್ಕೆ ನಿಮ್ಮಲ್ಲಿ ಕಾಣದಿದ್ದರೆ, ಹೆಚ್ಚಾಗಿ ಲ್ಯಾಪ್‌ಟಾಪಿನಲ್ಲಿ ಅದಕ್ಕೆ ಬೇಕಾದ ಸೆನ್ಸರ್ ಇರುವುದಿಲ್ಲ.

ಇಷ್ಟೆಲ್ಲ ಮಾಡಿದರೂ, ಸುಮ್ಮನೆ ಓದುವಾಗಲೂ ಸಂಖ್ಯೆ 20 ವ್ಯಾಟ್‌ನಿಂದ ಕೆಳಗಿಳಿಯಲು ಒಪ್ಪದಿದ್ದರೆ ತಪ್ಪು ಪರದೆಯದಲ್ಲ. ಗೇಮಿಂಗ್ ಲ್ಯಾಪ್‌ಟಾಪಾಗಿದ್ದರೆ ದೊಡ್ಡ ಗ್ರಾಫಿಕ್ಸ್ ಕಾರ್ಡೇ ಪರದೆಯನ್ನು ನಡೆಸುತ್ತಿರಬಹುದು. ತಯಾರಕರ ಆ್ಯಪ್‌ನಲ್ಲಿ ಅದನ್ನು ಹೈಬ್ರಿಡ್ ಮೋಡ್‌ಗೆ ತಿರುಗಿಸಿ, ಒಮ್ಮೆ ರೀಸ್ಟಾರ್ಟ್ ಮಾಡಿ, ಆ ಸಾಲನ್ನು ಮತ್ತೊಮ್ಮೆ ಹಾಕಿ ನೋಡಿ.