ಫಲಿತಾಂಶ ಏರಿದ್ದು ಹದಿನೈದೋ, ಮೂವತ್ತೋ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಶಾಲೆಯ ಗೇಟಿಗೆ ಬ್ಯಾನರ್ ಬೀಳುತ್ತದೆ. ಲೆಕ್ಕಕ್ಕೆಂದು ಒಂದು ಶಾಲೆಯನ್ನು ಕಲ್ಪಿಸಿಕೊಳ್ಳೋಣ. ಕಳೆದ ವರ್ಷ ಅಲ್ಲಿ 40 ಮಕ್ಕಳು ಪರೀಕ್ಷೆ ಬರೆದು 20 ಮಂದಿ ಪಾಸಾದರು, ಅಂದರೆ ಶೇ 50. ಈ ವರ್ಷವೂ ಬರೆದವರು 40, ಪಾಸಾದವರು 26. ಫಲಿತಾಂಶ ಶೇ 65. ಹೆಡ್‌ಮಾಸ್ತರರು ಸಭೆಯಲ್ಲಿ 'ಶೇ 15 ಏರಿಕೆ' ಎಂದರು. ಬ್ಯಾನರಿನಲ್ಲಿ ಮಾತ್ರ 'ಶೇ 30 ಏರಿಕೆ' ಎಂದಿದೆ.

ಬ್ಯಾನರಿನ ಲೆಕ್ಕ ಸರಿಯಾಗಿಯೇ ಇದೆ. ಐವತ್ತರ ಮೇಲೆ ಹದಿನೈದು ಕೂಡಿದೆ. ಐವತ್ತಕ್ಕೆ ಹದಿನೈದು ಎಂದರೆ ನೂರಕ್ಕೆ ಮೂವತ್ತು. ಹೆಡ್‌ಮಾಸ್ತರರು ಮಾಡಿದ್ದು ಬರೀ ಕಳೆಯುವ ಲೆಕ್ಕ: 65ರಲ್ಲಿ 50 ಹೋದರೆ 15. ಅದೂ ಸರಿ, ಆದರೆ ಅದನ್ನು 'ಶೇ 15' ಎನ್ನುವಂತಿಲ್ಲ, '15 ಶೇಕಡಾವಾರು ಅಂಶ' ಎನ್ನಬೇಕು. ಬಾಯಿಗೆ ಸಲೀಸಾಗಿ ಬರುವ ಪದವಲ್ಲ ಎನ್ನುವುದನ್ನು ಒಪ್ಪುತ್ತೇನೆ. ಬಹುಶಃ ಅದಕ್ಕೇ ಎಲ್ಲರೂ 'ಶೇ' ಎಂದು ಮುಗಿಸಿಬಿಡುತ್ತಾರೆ.

ಅದರಿಂದ ಆಗುವ ಎಡವಟ್ಟು ಇಷ್ಟು. ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ 2023ರಲ್ಲಿ ಶೇ 83.89 ಇತ್ತು, 2024ರಲ್ಲಿ ಶೇ 73.40ಕ್ಕೆ ಇಳಿಯಿತು. ವ್ಯತ್ಯಾಸ 10.49 ಅಂಶ. ಇದನ್ನೇ 'ಶೇ 10.49 ಕುಸಿತ' ಎಂದು ಹೇಳಿ ಹಳೆಯ ಅಂಕಿ ಮಾತ್ರ ಕೊಟ್ಟರೆ, ಲೆಕ್ಕ ಬಲ್ಲ ಓದುಗ 83.89ರಲ್ಲಿ ನೂರಕ್ಕೆ ಹತ್ತೂವರೆಯಷ್ಟು ಕಳೆದು ಶೇ 75ಕ್ಕೆ ಬಂದು ನಿಲ್ಲುತ್ತಾನೆ. ನಿಜವಾಗಿ ಆದದ್ದು ಶೇ 12.5ರ ಕುಸಿತ.

ಶೇಕಡಾ ಏರಿಕೆಗೆ ಇನ್ನೊಂದು ಗುಣವಿದೆ: ಹಳೆಯ ಅಂಕಿ ಚಿಕ್ಕದಾದಷ್ಟೂ ಅದು ಉಬ್ಬುತ್ತದೆ. ಫಲಿತಾಂಶ 20ರಿಂದ 35ಕ್ಕೆ ಬಂದ ಶಾಲೆ 'ಶೇ 75 ಏರಿಕೆ' ಎಂದು ಬರೆಸಬಹುದು. 80ರಿಂದ 95ಕ್ಕೆ ಏರಿದ ಶಾಲೆಗೆ ಶೇ 19 ಕೂಡ ದಕ್ಕುವುದಿಲ್ಲ. ಅಂಶದಲ್ಲಿ ಅಳೆದರೆ ಎರಡೂ ಹದಿನೈದೇ. ಎರಡನೆಯ ಶಾಲೆಯವರು ಜಾಣರಾಗಿದ್ದರೆ ಫೇಲಾದವರ ಕಡೆಯಿಂದ ಎಣಿಸುತ್ತಾರೆ: ನೂರಕ್ಕೆ ಇಪ್ಪತ್ತು ಇದ್ದದ್ದು ಐದಾಯಿತು, 'ಅನುತ್ತೀರ್ಣರ ಪ್ರಮಾಣ ಶೇ 75 ಇಳಿಕೆ'!

ಹಾಗಾಗಿ ಏರಿಕೆ ಎಷ್ಟೆಂದು ಕೇಳುವ ಬದಲು ಎಷ್ಟಿದ್ದದ್ದು ಎಷ್ಟಾಯಿತು ಎಂದು ಕೇಳುವುದು ವಾಸಿ. ಜೊತೆಗೆ ತಲೆಯೆಣಿಕೆಯನ್ನೂ ಕೇಳಬೇಕು. ನಮ್ಮ 40 ಮಕ್ಕಳ ಶಾಲೆಯಲ್ಲಿ ಒಂದು ಮಗು ಎಂದರೆ ಎರಡೂವರೆ ಅಂಶ. ಬ್ಯಾನರಿನ ಮೂವತ್ತರ ಹಿಂದೆ ಇರುವುದು ಆರು ಮಕ್ಕಳು. ಅವರು ನಿಜವಾಗಿ ಪಾಸಾದವರು. ಹಾಗಲ್ಲದೆ, ಹಿಂದುಳಿದ 12 ಮಕ್ಕಳಿಗೆ ಪರೀಕ್ಷೆಯನ್ನೇ ಬರೆಸದೆ 28 ಮಂದಿಯನ್ನು ಕೂರಿಸಿ, ಮತ್ತೆ ಅದೇ 20 ಮಂದಿ ಪಾಸಾಗಿದ್ದರೂ ಫಲಿತಾಂಶ ಶೇ 71 ದಾಟುತ್ತಿತ್ತು. ಆಗ ಬ್ಯಾನರಿನಲ್ಲಿ ಶೇ 43 ಏರಿಕೆ ಎಂದಿರುತ್ತಿತ್ತು, ಒಂದು ಮಗುವೂ ಹೆಚ್ಚಿಗೆ ಪಾಸಾಗದೆ.