ವಾರಂಟಿ ಕಾರ್ಡಿನಲ್ಲಿ ಟಿಡಿಎಸ್ ಇರಲಿ

ಆರ್‌ಒ ಯಂತ್ರ ಮಾರಲು ಹೊರಟ ಹೊಸ ಕಂಪನಿ ವಾರಂಟಿ ಬರೆಯುವಾಗ ಮೊದಲು ನೋಡಬೇಕಾದದ್ದು ಗ್ರಾಹಕನ ಮನೆಯ ನೀರನ್ನು. ಒಳಗಿನ ಮೆಂಬ್ರೇನ್ ಎಷ್ಟು ದಿನ ಬಾಳುತ್ತದೆ ಎಂಬುದು ನೀರಿನ ಮೇಲೆ ನಿಂತಿದೆ. ಬೆಂಗಳೂರಿನಲ್ಲಿ ಕಾವೇರಿ ನೀರು ಬರುವ ಮನೆಗೂ ಕೋಲಾರದಲ್ಲಿ ಗಡಸು ಬೋರ್‌ವೆಲ್ ನೀರು ಕುಡಿಯುವ ಮನೆಗೂ 'ಒಂದು ವರ್ಷ ವಾರಂಟಿ' ಎಂದಷ್ಟೇ ಬರೆದುಕೊಟ್ಟರೆ ಜಗಳ ತಪ್ಪಿದ್ದಲ್ಲ.

ಆದ್ದರಿಂದ ಯಂತ್ರ ಕೂರಿಸಿದ ದಿನವೇ ಒಳಗೆ ಹೋಗುವ ಮತ್ತು ಹೊರಬರುವ ನೀರಿನ ಟಿಡಿಎಸ್, ಅಂದರೆ ಕರಗಿದ ಲವಣಾಂಶವನ್ನು ಅಳೆದು ಕಾರ್ಡಿನಲ್ಲಿ ಬರೆದು, ಗ್ರಾಹಕರ ಸಹಿ ಪಡೆಯಬೇಕು. ಒಂದು ಮನೆಯಲ್ಲಿ ಒಳನೀರು 1,200, ಹೊರನೀರು 90 ಇತ್ತು ಎನ್ನಿ. ಅಂದರೆ ಮೆಂಬ್ರೇನ್ ನೂರಕ್ಕೆ 92ಕ್ಕಿಂತ ಹೆಚ್ಚು ಲವಣ ತಡೆಯುತ್ತಿದೆ. ಆರು ತಿಂಗಳಿಗೆ ಒಳನೀರು ಅಷ್ಟೇ ಇದ್ದು ಹೊರನೀರು 300 ಆದರೆ ತಡೆ 75ಕ್ಕೆ ಇಳಿಯಿತು. 'ಒಳನೀರು 1,500 ಮೀರದಿದ್ದು, ಒಂದು ವರ್ಷದೊಳಗೆ ತಡೆ 80ಕ್ಕಿಂತ ಕೆಳಗಿಳಿದರೆ ಮೆಂಬ್ರೇನ್ ಉಚಿತ' ಎಂದು ಮೊದಲೇ ಬರೆದಿದ್ದರೆ ಇಲ್ಲಿ ವಾದಕ್ಕೆ ಜಾಗವಿಲ್ಲ, ಬದಲಾಯಿಸಿ ಕೊಡಬೇಕು. ಮಿತಿ ಮೀರಿದ ನೀರಿದ್ದರೆ ಆ ಮಾತನ್ನು ಹಣ ಪಡೆಯುವ ಮುಂಚೆಯೇ ಹೇಳಬೇಕು.

ಇನ್ನೊಂದು ದೂರು ಬೇರೆ ಥರದ್ದು: ನೀರು ಚೆನ್ನಾಗಿಯೇ ಇದೆ, ಆದರೆ ಟ್ಯಾಂಕ್ ತುಂಬಲು ಗಂಟೆಗಟ್ಟಲೆ ಬೇಕು. ಆಗ ಪಂಪಿನ ಒತ್ತಡ ಕುಸಿದಿರಬಹುದು, ಸೆಡಿಮೆಂಟ್ ಫಿಲ್ಟರ್ ಕಟ್ಟಿರಬಹುದು, ಮೆಂಬ್ರೇನಿನ ಮೇಲೆ ಸುಣ್ಣದಂಥ ಪದರ ಕೂತಿರಬಹುದು. ಪಂಪು ಕೆಟ್ಟರೆ ಹೊಣೆ ಕಂಪನಿಯದು. ಫಿಲ್ಟರ್ ಬದಲಿಸದೆ ಹೀಗಾದರೆ? ಹೆಚ್ಚಿನ ಕಾರ್ಡುಗಳು ಇಲ್ಲಿ ಗ್ರಾಹಕರನ್ನೇ ದೂರುತ್ತವೆ. ನನಗೆ ಅದು ಸರಿ ಕಾಣುವುದಿಲ್ಲ. ನಗರಸಭೆಯ ನೀರಿನ ಕ್ಲೋರಿನ್ನನ್ನು ಹೀರುವ ಕಾರ್ಬನ್ ಫಿಲ್ಟರ್ ಸೋತರೆ ಆ ಕ್ಲೋರಿನ್ನೇ ಮೆಂಬ್ರೇನನ್ನು ಹಾಳುಮಾಡುತ್ತದೆ. ಅಗ್ಗದ ಫಿಲ್ಟರ್ ತಡವಾದರೆ ದುಬಾರಿ ಭಾಗಕ್ಕೆ ಕುತ್ತು. ಮೊದಲ ವರ್ಷದ ಫಿಲ್ಟರ್ ಬದಲಾವಣೆಯನ್ನು ಯಂತ್ರದ ಬೆಲೆಯಲ್ಲೇ ಸೇರಿಸಿ, ತಾನೇ ಫೋನ್ ಮಾಡಿ ಬಂದು ಹಾಕುವ ಕಂಪನಿಗೆ ಮೆಂಬ್ರೇನ್ ದೂರುಗಳೂ ಕಡಿಮೆಯಾಗುತ್ತವೆ.

ಟಿಡಿಎಸ್ ಮೀಟರಿಗೆ ರೋಗಾಣು ಕಾಣುವುದಿಲ್ಲ, ಫ್ಲೋರೈಡ್ ಎಷ್ಟಿದೆ ಎಂದೂ ಅದು ಬೇರೆಯಾಗಿ ಹೇಳದು. ಅದರ ಅಂಕಿ ತೋರಿಸಿ 'ಸಂಪೂರ್ಣ ಸುರಕ್ಷಿತ' ಎಂದು ಬರೆದುಕೊಡಬಾರದು.

ಸರ್ವಿಸ್ ಗಡುವು ಕೂಡ ಸ್ಪಷ್ಟವಾಗಿರಲಿ. ಯಂತ್ರ ನಿಂತರೆ ಮನೆಯಲ್ಲಿ ಕುಡಿಯುವ ನೀರೇ ಇಲ್ಲ. ದೂರು ಬಂದ 48 ಗಂಟೆಯೊಳಗೆ ರಿಪೇರಿ, ಬಿಡಿಭಾಗ ಸಿಗದಿದ್ದರೆ ಬದಲಿ ಯಂತ್ರ ಎಂದು ಬರೆಯಬಹುದು. ಮೆಕ್ಯಾನಿಕ್ ಇಲ್ಲದ ತಾಲ್ಲೂಕಿಗೆ ಆ ಮಾತು ಕೊಡಬಾರದು. 'ಕಂಪನಿಯ ತೀರ್ಮಾನವೇ ಅಂತಿಮ' ಎಂಬ ಸಾಲು ಬೇಡವೇ ಬೇಡ. ಅದರಿಂದ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಏಕಪಕ್ಷೀಯ ಕರಾರನ್ನು ಪ್ರಶ್ನಿಸುವ ಅವಕಾಶವೂ ಇದೆ.

ಕೊಳ್ಳುವವರೂ ಯಂತ್ರ ಕೂರಿಸಲು ಬಂದವರಿಂದ ಆ ಎರಡು ಅಂಕಿ ಬರೆಸಿಕೊಂಡು ಕಾರ್ಡಿನ ಫೋಟೊ ಇಟ್ಟುಕೊಳ್ಳಿ.