ಓಡುವ ಮೋಟಾರು ಯಾರಿಗೂ ನೆನಪಿರುವುದಿಲ್ಲ

ಸಿಂಗಟಗೆರೆಯಲ್ಲಿ ನನ್ನ ಗೆಳೆಯನದೊಂದು ಮೋಟಾರ್ ರೀವೈಂಡಿಂಗ್ ಅಂಗಡಿ ಇದೆ. ಕಡೂರು ತಾಲ್ಲೂಕಿನ ಈ ಬಯಲು ಹೋಬಳಿಯಲ್ಲಿ ತೆಂಗು, ಅಡಿಕೆ ಹಸಿರಾಗಿ ನಿಂತಿರುವುದು ಬೋರಿನ ನೀರಿನ ಮೇಲೆ. ಹಾಗಾಗಿ ವೋಲ್ಟೇಜ್ ಕಡಿಮೆಯಾಗಿಯೋ, ಮೂರರಲ್ಲಿ ಒಂದು ಫೇಸ್ ಹೋಗಿಯೋ ಮೋಟಾರು ಸುಟ್ಟರೆ ರೈತ ಅದನ್ನು ಮೇಲೆತ್ತಿಸಿ ಆಟೋಕ್ಕೆ ಹಾಕಿಕೊಂಡು ಓಡಿಬರುತ್ತಾನೆ. ಗೆಳೆಯನ ಕೈಕೆಲಸ ಅಚ್ಚುಕಟ್ಟು. ಅಂಗಡಿಗೆ ಬಿಡುವಿಲ್ಲ. ಆದರೆ ಫೋನಿನ ಮ್ಯಾಪಿನಲ್ಲಿ ಅವನ ಅಂಗಡಿ ತೆಗೆದು ನೋಡಿದರೆ ನಾಲ್ಕೇ ರಿವ್ಯೂ ಇದ್ದವು, ಅದರಲ್ಲೂ ಎರಡು ಬೈಗುಳ.

"ಕೇಳಬಾರದೇನೋ ಗಿರಾಕಿಗಳನ್ನ?" ಅಂದೆ. "ಕೆಲ್ಸ ಚೆನ್ನಾಗಿದ್ರೆ ಜನ ತಾವಾಗೇ ಬರೀತಾರೆ ಕಣೋ. ಕೇಳಿ ಬರೆಸ್ಕೊಳೋದು ಭಿಕ್ಷೆ ಬೇಡಿದಂಗೆ" ಅಂದ.

ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಮದುವೆ ಅಡುಗೆಯವರು, ಹೋಂಸ್ಟೇ ನಡೆಸುವವರು, ಹೊಲಿಗೆ ಅಂಗಡಿಯವರು, ಎಲ್ಲರ ಬಾಯಲ್ಲೂ ಇದೇ. ಕೇಳಲು ಗಂಭೀರವಾಗಿದೆ, ಸ್ವಾಭಿಮಾನದ ಮಾತಿನ ಹಾಗಿದೆ, ಆದರೆ ಪೂರಾ ಸುಳ್ಳು. ಚೆನ್ನಾಗಿ ಓಡುವ ಮೋಟಾರನ್ನು ಯಾರು ನೆನೆಸಿಕೊಳ್ಳುತ್ತಾರೆ? ಕರೆಂಟು ಬಂತು, ಸ್ಟಾರ್ಟರ್ ಒತ್ತಿದ, ನೀರು ಬಂತು, ಬದುವಿನ ಮೇಲೆ ಗುದ್ದಲಿ ಹಿಡಿದು ಹೋದ. ಬೋರಿನ ತಳದಲ್ಲಿ ಕೂತ ಮೋಟಾರು ಅವನ ತಲೆಗೆ ಬರುವುದು ಅದು ನಿಂತ ದಿನವೇ. ಆ ದಿನ ಅವನು ಯಾರೂ ಹೇಳದೆ, ಯಾರೂ ಕೇಳದೆ, ಲಿಂಕು ಗಿಂಕು ಏನೂ ಬೇಡದೆ ತಾನೇ ಹುಡುಕಿಕೊಂಡು ಹೋಗಿ ಬರೆಯುತ್ತಾನೆ. ಸುಮ್ಮನಿರುವ ಅಂಗಡಿಯ ಪುಟದಲ್ಲಿ ಸಿಟ್ಟಾದವರ ಪಾಲು ಅವರ ನಿಜವಾದ ಲೆಕ್ಕಕ್ಕಿಂತ ಎಷ್ಟೋ ದೊಡ್ಡದಾಗಿ ಕಾಣುವುದು ಹೀಗೆ. ವರ್ಷಕ್ಕೆ ಇನ್ನೂರು ಮೋಟಾರು ಕಟ್ಟುವವನಿಗೆ ಎರಡು ಬೈಗುಳ ಏನೇನೂ ಅಲ್ಲ. ಆದರೆ ಪುಟ ನೋಡುವವನಿಗೆ ಅದು ನಾಲ್ಕರಲ್ಲಿ ಎರಡು.

ಇನ್ನು ಭಿಕ್ಷೆಯ ಮಾತು. ಅಭಿಪ್ರಾಯ ಬರೆಯಿರಿ ಎಂದು ಗಿರಾಕಿಗಳನ್ನು ಕೇಳುವುದಕ್ಕೆ ಗೂಗಲ್‌ನ ಅಡ್ಡಿಯಿಲ್ಲ. ಅದಕ್ಕೆಂದೇ ಅಂಗಡಿಯ ಪ್ರೊಫೈಲಿನಲ್ಲಿ Ask for reviews ಎಂಬ ಗುಂಡಿಯಿಟ್ಟು, ಲಿಂಕನ್ನೂ ಕ್ಯೂಆರ್ ಕೋಡನ್ನೂ ಕೈಗೆ ಕೊಟ್ಟಿದೆ.

ಗೆಳೆಯ ಒಪ್ಪಿದ. ಒಪ್ಪಿದವನೇ ಇನ್ನೊಂದು ತುದಿಗೆ ಹಾರಿದ. ಕ್ಯೂಆರ್ ಕೋಡನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಲ್ಯಾಮಿನೇಷನ್ ಮಾಡಿಸಿ, ಫೋನ್‌ಪೇ ಬೋರ್ಡಿನ ಪಕ್ಕಕ್ಕೆ ಅಂಟಿಸಿದ. ದುಡ್ಡು ಕೊಡಲು ಬಂದವರು ಅದನ್ನೇ ಸ್ಕ್ಯಾನ್ ಮಾಡಿ, "ಏನೋ ಸ್ಟಾರ್ ಬತ್ತಾ ಐತಲ್ಲೋ, ದುಡ್ಡು ಹಾಕೋದೆಲ್ಲಿ?" ಅಂದರು. ಅಷ್ಟಕ್ಕೂ ನಿಲ್ಲದೆ, ಬಿಲ್ ಕೊಡುವಾಗಲೇ ಒಬ್ಬೊಬ್ಬರ ಮುಂದೆ ನಿಂತು "ಐದು ಸ್ಟಾರ್ ಒತ್ತಿ ಯಜಮಾನ್ರೇ" ಎಂದು ಶುರುಮಾಡಿದ. ಬಂದದ್ದು "ಸೂಪರ್", "ಓಕೆ", ಒಂದೆರಡು ಹೆಬ್ಬೆಟ್ಟಿನ ಚಿತ್ರ. ಇವನ್ನು ಓದಿ ಯಾವ ರೈತ ಮೋಟಾರು ತರುತ್ತಾನೆ?

ತಪ್ಪಿದ್ದದ್ದು ಹೊತ್ತು. ಹೋಟೆಲಿನಲ್ಲಿ ದೋಸೆ ತಿಂದವನಿಗೆ ಬಿಲ್ ಕೊಡುವ ಹೊತ್ತಿಗೆ ರುಚಿ ಗೊತ್ತಾಗಿರುತ್ತದೆ. ಮೋಟಾರಿನವನಿಗೆ ಬಿಲ್ ಹೊತ್ತಿನಲ್ಲಿ ಗೊತ್ತಿರುವುದು ಜೇಬಿನಿಂದ ಎಷ್ಟು ಹೋಯಿತು ಎಂಬುದೊಂದೇ. ಮೋಟಾರನ್ನು ಇನ್ನೂ ತೋಟಕ್ಕೆ ಒಯ್ಯಬೇಕು, ಪೈಪಿಗೆ ಜೋಡಿಸಿ ಇಳಿಸಬೇಕು, ತ್ರೀಫೇಸ್ ಬರುವ ಹೊತ್ತು ಕಾಯಬೇಕು. ಅದು ನಡುರಾತ್ರಿಯೂ ಇರಬಹುದು. ಮೊದಲು ಬರುವ ಕೆಂಪು ನೀರು ಹೋಗಿ ತಿಳಿನೀರು ಪೈಪಿನ ತುಂಬ ಬೀಳುವವರೆಗೂ ಅವನ ಎದೆ ಡವಡವ. ಕೇಳಬೇಕಾದ್ದು ಆ ನೀರು ಬಿದ್ದ ಮೇಲೆ.

ಆಮೇಲೆ ಹೀಗೆ ಮಾಡಿದೆವು. ಮೋಟಾರು ಒಯ್ದ ದಿನ ಬಿಲ್ ಪುಸ್ತಕದಲ್ಲಿ ಹೆಸರಿನ ಪಕ್ಕ ಒಂದು ಗೆರೆ. ಮೂರನೇ ದಿನ ಸಂಜೆ ಫೋನು. ಫೋನಿನಲ್ಲಿ ರಿವ್ಯೂ ಸುದ್ದಿಯೇ ಮೊದಲು ಬರಕೂಡದು. "ಅಣ್ಣ, ಮೋಟಾರ್ ಇಳ್ಸಿದ್ರಾ? ನೀರು ಹೆಂಗೆ ಬತ್ತಾ ಐತೆ? ಸ್ಟಾರ್ಟರ್‌ನಲ್ಲಿ ಆಂಪ್ಸ್ ಎಷ್ಟು ತೋರಿಸ್ತೈತೆ?" ಈ ಪ್ರಶ್ನೆ ನಾಟಕವಲ್ಲ. ಆಂಪ್ಸ್ ಹೆಚ್ಚು ತೋರಿಸುತ್ತಿದ್ದರೆ ಮೋಟಾರು ಮತ್ತೆ ಸುಡುವ ಮೊದಲೇ ಹೋಗಿ ನೋಡಬಹುದು. ಮೊದಲ ತಿಂಗಳಲ್ಲೇ ಹೀಗೆ ಎರಡು ಮೋಟಾರು ಉಳಿದವು. ಉತ್ತರ ಹೇಳುತ್ತಾ ರೈತ ತಾನೇ ಮಾತಿಗಿಳಿಯುತ್ತಾನೆ: "ಹೋದ ಸಲಕ್ಕಿಂತ ಚೆನ್ನಾಗೈತೆ ಕಣಪ್ಪ, ಎರಡೇ ದಿನಕ್ಕೆ ಕೊಟ್ಬಿಟ್ಟೆ." ಆಗ ಹೇಳುವುದು ಇಷ್ಟೇ: "ಈಗ ನೀವು ಹೇಳಿದ್ರಲ್ಲ, ಅದನ್ನೇ ಬರೆದ್ರೆ ಮುಂದೆ ಮೋಟಾರ್ ತರೋರಿಗೆ ಗೊತ್ತಾಗುತ್ತೆ. ವಾಟ್ಸಾಪಿಗೆ ಲಿಂಕ್ ಹಾಕ್ತೀನಿ, ಬಿಡುವಾದಾಗ ನೋಡಿ."

"ರಿವ್ಯೂ ಬರೆಯಿರಿ" ಎಂದರೆ ಏನು ಬರೆಯಬೇಕೋ ತಿಳಿಯದೆ ಮನುಷ್ಯ ಪರೀಕ್ಷೆಗೆ ಕೂತವನ ಹಾಗಾಗುತ್ತಾನೆ. "ಎಷ್ಟು ದಿನಕ್ಕೆ ಸಿಕ್ಕಿತು, ಈಗ ನೀರು ಹೇಗಿದೆ" ಎಂದರೆ ಅವನ ಬಳಿ ಉತ್ತರ ಸಿದ್ಧವಿದೆ. ವಾಟ್ಸಾಪ್ ಸಂದೇಶದಲ್ಲೂ ಆ ಎರಡು ಪ್ರಶ್ನೆ, ಕೆಳಗೆ ಲಿಂಕು, ಅಷ್ಟೇ. ಕಳಿಸುವುದೂ ಅವನ ಫೋನಿನಲ್ಲಿ "ಮೋಟಾರ್ ವೈಂಡಿಂಗ್" ಎಂದು ಸೇವ್ ಆಗಿರುವ ಅದೇ ನಂಬರಿನಿಂದ. ಹೊಸ ನಂಬರಿನಿಂದ ಬಂದ ನೀಲಿ ಲಿಂಕನ್ನು ಬುದ್ಧಿಯಿದ್ದವನು ಮುಟ್ಟುವುದಿಲ್ಲ, ಮುಟ್ಟಲೂಬಾರದು. ಟೈಪು ಮಾಡಲು ಬಾರದವರಿಗೆ ಕೀಬೋರ್ಡಿನ ಮೈಕ್ ಗುರುತು ತೋರಿಸಿಕೊಟ್ಟರೆ ಸಾಕು. ಭಾಷೆ ಕನ್ನಡಕ್ಕೆ ಇಟ್ಟಿದ್ದರೆ ಆಡಿದ ಮಾತು ಅಕ್ಷರವಾಗುತ್ತದೆ. ಒಂದು ವಾರದಲ್ಲಿ ಬರೆಯದಿದ್ದರೆ ಒಂದೇ ಸಲ ನೆನಪಿಸುವುದು. ಎರಡನೇ ಸಲ ನೆನಪಿಸಿದರೆ ಸಾಲ ವಸೂಲಿ.

ಎಲ್ಲವೂ ಸಲೀಸಾಗಿ ನಡೆಯಿತು ಎಂದುಕೊಳ್ಳಬೇಡಿ. ಲಿಂಕು ಒತ್ತಿದ ಮೇಲೆ ಗೂಗಲ್ ಖಾತೆ ಬೇಕು. ಹಳ್ಳಿಯ ಎಷ್ಟೋ ಫೋನುಗಳ ಖಾತೆಯನ್ನು ಮೊಬೈಲ್ ಅಂಗಡಿಯ ಹುಡುಗ ಮಾಡಿಕೊಟ್ಟಿರುತ್ತಾನೆ, ಇಲ್ಲವೇ ಮಗ. ಹಾಗಾಗಿ ಅರವತ್ತು ದಾಟಿದ ಒಬ್ಬರ ಮಾತು ಡಿಗ್ರಿ ಓದುವ ಮೊಮ್ಮಗಳ ಹೆಸರಿನಲ್ಲಿ ಬಂತು. ಬರೆಯುವ ಮೊದಲು ಮೇಲೆ ಯಾರ ಹೆಸರಿದೆ ನೋಡಿಕೊಳ್ಳಿ ಎಂದು ಹೇಳುವುದನ್ನು ಅಂದಿನಿಂದ ಕಲಿತೆವು. ಇನ್ನೊಬ್ಬರು ನಾಲ್ಕು ಸಾಲು ಹೊಗಳಿ ಬರೆದು ಒಂದೇ ಸ್ಟಾರ್ ಒತ್ತಿದ್ದರು. ಗೆಳೆಯ ಗಾಬರಿಯಾಗಿ ಫೋನ್ ಮಾಡಿದರೆ, "ಸೀಮೆಗೇ ಒಂದನೇ ನಂಬರ್ ಅಂಗ್ಡಿ ಅಲ್ವೇನಯ್ಯ, ಅದಕ್ಕೇ ಒಂದು" ಎಂಬ ಉತ್ತರ. ಬರೆದವರೇ ತಮ್ಮ ರಿವ್ಯೂವನ್ನು ತಿದ್ದಬಹುದು. ಆ ಹಿರಿಯರು ತಿದ್ದಿದರು. ಈಗ ಸಂದೇಶದ ಕೊನೆಗೆ ಒಂದು ಸಾಲು ಸೇರಿದೆ: ಒಂದು ಸ್ಟಾರ್ ಎಂದರೆ ಬೇಸರ, ಐದೂ ಎಂದರೆ ಪೂರ್ತಿ ಸಮಾಧಾನ, ನಿಮಗೆ ಸರಿ ಕಂಡಷ್ಟು ಒತ್ತಿ.

"ನಿಮಗೆ ಸರಿ ಕಂಡಷ್ಟು" ಎಂಬುದನ್ನು ಕಂಡು ಗೆಳೆಯನ ಮಗ ಮುಖ ಸಿಂಡರಿಸಿದ. ಖುಷಿಯಾದವರಿಗೆ ಮಾತ್ರ ಲಿಂಕು ಕಳಿಸಿದರಾಯಿತಲ್ಲ ಎಂಬುದು ಅವನ ಜಾಣತನ. ಹಾಗೆ ಹೆಕ್ಕಿ ಹೆಕ್ಕಿ ಒಳ್ಳೆಯದನ್ನೇ ಬರೆಸಿಕೊಳ್ಳುವುದನ್ನು ಗೂಗಲ್‌ನ ನಿಯಮ ಒಪ್ಪುವುದಿಲ್ಲ. ಮೂರನೇ ದಿನದ ಫೋನು ಎಲ್ಲರಿಗೂ ಹೋಗಬೇಕು. ತೊಂದರೆ ಇದೆ ಎಂದವನ ತೋಟಕ್ಕೆ ಮೊದಲು ಹೋಗಿ ಸರಿಮಾಡಿ, ಆಮೇಲೆ ಅವನಿಗೂ ಅದೇ ಲಿಂಕು. ಸರಿಮಾಡಿಸಿಕೊಂಡವನು ಬರೆಯುವ ಸಾಲಿಗೆ ಇರುವ ತೂಕ ಉಳಿದವರದ್ದಕ್ಕಿಲ್ಲ ಎಂಬುದು ನನ್ನ ಅನುಭವ.

ಉಳಿದ ನಂಬಿಕೆಗಳಿಗೆ ಹೆಚ್ಚು ಜಾಗ ಕೊಡುವುದಿಲ್ಲ. ರಿವ್ಯೂ ಬರೆದರೆ ನೂರು ರೂಪಾಯಿ ಕಡಿಮೆ ಎನ್ನುವುದು ನಿಯಮಕ್ಕೆ ವಿರುದ್ಧ, ಹಾಕಿದ ರಿವ್ಯೂ ಕಿತ್ತುಹಾಕಬಹುದು. ಕನ್ನಡದಲ್ಲಿ ಬರೆದರೆ ಲೆಕ್ಕಕ್ಕಿಲ್ಲ ಎನ್ನುವುದು ಸುಳ್ಳು. ಸಿಂಗಟಗೆರೆಗೆ ಮೋಟಾರು ತರುವವನು ಓದುವುದೂ ಕನ್ನಡವನ್ನೇ. ವಾಟ್ಸಾಪಿನಲ್ಲಿ ಯಾರೋ ಹೊಗಳಿ ಕಳಿಸಿದ ಧ್ವನಿಯನ್ನು ನಾವೇ ಟೈಪು ಮಾಡಿ ಬೇರೆ ಖಾತೆಯಿಂದ ಹಾಕಿದರೆ ಅದು ನಕಲಿ ರಿವ್ಯೂ, ಮಾತು ನಿಜವಿದ್ದರೂ ಸರಿಯೇ. ಆ ಧ್ವನಿಯನ್ನು ಅವರನ್ನು ಕೇಳಿ ಸ್ಟೇಟಸ್ಸಿಗೆ ಹಾಕಿಕೊಳ್ಳಬಹುದು. ದುಡ್ಡು ಕೊಟ್ಟು ಬರೆಸುವ ದಂಧೆಯ ಮೇಲೆ ಸರ್ಕಾರದ ಕಣ್ಣೂ ಬಿದ್ದಿದೆ: 2022ರ ನವೆಂಬರ್‌ನಲ್ಲಿ ಭಾರತೀಯ ಮಾನಕ ಬ್ಯೂರೋ ಆನ್‌ಲೈನ್ ಗ್ರಾಹಕ ವಿಮರ್ಶೆಗಳಿಗಾಗಿ IS 19000:2022 ಎಂಬ ಮಾನದಂಡ ತಂದಿತು. ಕೊಂಡುಕೊಂಡ ವಿಮರ್ಶೆಯನ್ನು ಪ್ರಕಟಿಸಬಾರದು ಎನ್ನುತ್ತದೆ ಅದು. ಆದರೆ ತಂದಾಗ ಪಾಲನೆಯನ್ನು ಅವರವರ ಇಚ್ಛೆಗೆ ಬಿಟ್ಟಿದ್ದರು, ದಂಧೆಯೂ ನಿಂತಿಲ್ಲ.

ನಿಂತಿಲ್ಲ ಎಂಬುದಕ್ಕೆ ಸಾಕ್ಷಿ ಬೇಕಿದ್ದರೆ ಗೆಳೆಯನ ಫೋನು ನೋಡಬೇಕು. ತಿಂಗಳಿಗೆರಡು ಸಲ "ಗೂಗಲ್‌ನಿಂದ ಮಾತಾಡ್ತಿದೀವಿ ಸರ್" ಎಂಬ ಕರೆ. ಹಣ ಹಾಕಿದರೆ ನೂರು ಫೈವ್ ಸ್ಟಾರ್ ಬರುತ್ತದಂತೆ, ಹಾಕದಿದ್ದರೆ ಅಂಗಡಿಯ ಹೆಸರು ಮ್ಯಾಪಿನಿಂದ ಅಳಿಸಿಹೋಗುತ್ತದಂತೆ. ಮ್ಯಾಪಿನಲ್ಲಿ ಅಂಗಡಿಯ ಪ್ರೊಫೈಲ್ ಇಡಲು ಗೂಗಲ್ ಒಂದು ರೂಪಾಯಿಯನ್ನೂ ಕೇಳುವುದಿಲ್ಲ. ಇದನ್ನು ಹತ್ತು ಸಲ ಹೇಳಿದ್ದೇನೆ. ಆದರೂ ಕಳೆದ ಬೇಸಗೆಯಲ್ಲಿ ಪಕ್ಕದ ಅಂಗಡಿಯವರು ದುಡ್ಡು ಹಾಕಿದರು. ಎರಡು ದಿನದಲ್ಲಿ ಮೂವತ್ತು ರಿವ್ಯೂ ಬಂದವು. ಎಲ್ಲವೂ ಇಂಗ್ಲಿಷಿನಲ್ಲಿ, ಬರೆದವರ ಹೆಸರು ಒಂದೂ ಈ ಸೀಮೆಯದಲ್ಲ. ಗೊಬ್ಬರ, ಔಷಧಿ ಮಾರುವ ಆ ಅಂಗಡಿಯ ಬಗ್ಗೆ ಒಬ್ಬ "ರುಚಿಯಾದ ಊಟ, ಒಳ್ಳೆಯ ವಾತಾವರಣ" ಎಂಬರ್ಥದಲ್ಲಿ ಹೊಗಳಿದ್ದ. ತಿಂಗಳೊಳಗೆ ಅಷ್ಟೂ ಮಾಯ. ಕರೆ ಮಾಡಿದವನ ನಂಬರೂ ಮಾಯ.

ನಗಲು ಮನಸ್ಸಾಗುವುದಿಲ್ಲ, ಏಕೆಂದರೆ ಇಲ್ಲಿ ನಂಬಿಕೆ ಅಷ್ಟು ಅಗ್ಗ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ತೋಟದಲ್ಲಿ ಅಡ್ಡಾಡುವವನು, ಕಾಯಿ ಎದ್ದು ನಿಂತ ಜಾಗದಲ್ಲೇ ನೀರಿದೆ ಎಂದರೆ ಲಕ್ಷಾಂತರ ರೂಪಾಯಿ ಸುರಿದು ಅಲ್ಲೇ ಕೊರೆಸುತ್ತೇವೆ. ಬೋರು ಫೇಲಾದರೆ ಪಾಯಿಂಟ್ ಎರಡು ಅಡಿ ಆಚೀಚೆ ಆಯಿತು ಅನ್ನುತ್ತೇವೆ. ಅವನು ನೋಡಿಕೊಟ್ಟ ಪಾಯಿಂಟುಗಳಲ್ಲಿ ಎಷ್ಟರಲ್ಲಿ ನೀರು ಬಂತು, ಎಷ್ಟರಲ್ಲಿ ಬರಲಿಲ್ಲ ಎಂದು ಎಲ್ಲ ತೋಟದವರಿಗೂ ಮೂರನೇ ದಿನ ಫೋನ್ ಮಾಡಿ ಕೇಳಿದವರು ಯಾರೂ ಇಲ್ಲ. ಕೇಳೋಣವೇ ಎಂದು ಗೆಳೆಯನಿಗೆ ಅಂದೆ. ಬಿಲ್ ಪುಸ್ತಕ ಮಡಚಿಟ್ಟು, "ಬ್ಯಾಡ ಕಣೋ, ಅವ್ನೂ ನಮ್ ಗಿರಾಕಿ" ಅಂದ.